ಮೂಲೆಯ ಬೋಲ್ಟಿನ ಲೆಕ್ಕ

ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಯಾವುದಾದರೂ ಹಳೆಯ ವರ್ಕ್‌ಶಾಪಿನೊಳಗೆ ಹೋಗಿ ತಲೆಯೆತ್ತಿ ನೋಡಿ. ಕಬ್ಬಿಣದ ಕಾಲಮ್ಮಿನಿಂದ ಪಕ್ಕಕ್ಕೆ ಚಾಚಿಕೊಂಡ ಒಂದು ಪ್ಲೇಟು ಕಾಣುತ್ತದೆ. ಅದಕ್ಕೆ ಬ್ರಾಕೆಟ್ ಎನ್ನುತ್ತಾರೆ. ಅದರ ತುದಿಯ ಮೇಲೆ ಚೈನ್ ಬ್ಲಾಕ್ ಓಡಾಡುವ ಬೀಮು ಕೂತಿರುತ್ತದೆ. ಪ್ಲೇಟನ್ನು ಕಾಲಮ್ಮಿಗೆ ಹಿಡಿದಿರುವುದು ನಾಲ್ಕೋ ಆರೋ ಬೋಲ್ಟುಗಳು. ಭಾರವಿರುವುದು ಒಂದು ಕಡೆ, ಬೋಲ್ಟುಗಳಿರುವುದು ಇನ್ನೊಂದು ಕಡೆ. ಕಷ್ಟವೆಲ್ಲ ಶುರುವಾಗುವುದು ಈ ಅಂತರದಿಂದಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬ್ರಾಕೆಟ್ಟಿನ ಮೇಲೆ ಬೀಳುವ ಭಾರ ಸುಮಾರು 6 ಟನ್, ಅಂದರೆ 60 ಕಿಲೋನ್ಯೂಟನ್. ನಮ್ಮ ಉಕ್ಕಿನ ಕಟ್ಟಡಗಳ ಸಂಹಿತೆಯಾದ ಐಎಸ್ 800:2007ರ ಪ್ರಕಾರ ಇದನ್ನು ಒಂದೂವರೆ ಪಟ್ಟು ಮಾಡಿ, 90 ಕಿಲೋನ್ಯೂಟನ್ ಎಂದು ಹಿಡಿದು ವಿನ್ಯಾಸ ಮಾಡಬೇಕು. ಬೋಲ್ಟುಗಳು ಆರು, 20 ಮಿಲಿಮೀಟರ್ ವ್ಯಾಸದವು. ಎರಡು ನಿಲುವು ಸಾಲು, ಒಂದೊಂದರಲ್ಲಿ ಮೂರು. ಸಾಲುಗಳ ನಡುವೆ 100 ಮಿ.ಮೀ., ಒಂದೇ ಸಾಲಿನಲ್ಲಿ ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ 80 ಮಿ.ಮೀ. ಭಾರ ಬೀಳುವ ಗೆರೆ ಬೋಲ್ಟುಗಳ ಗುಂಪಿನ ಮಧ್ಯಬಿಂದುವಿನಿಂದ 200 ಮಿ.ಮೀ. ಆಚೆಗಿದೆ.

ಅವಸರದ ಲೆಕ್ಕ ಹೀಗೆ ಸಾಗುತ್ತದೆ: 90ನ್ನು ಆರರಿಂದ ಭಾಗಿಸಿದರೆ ಒಂದು ಬೋಲ್ಟಿಗೆ 15. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 4.6 ಗ್ರೇಡಿನ 20 ಮಿ.ಮೀ. ಬೋಲ್ಟು, ಕತ್ತರಿಸುವ ತಲದಲ್ಲಿ ಥ್ರೆಡ್ ಇದ್ದರೂ ಸುಮಾರು 45 ಕಿಲೋನ್ಯೂಟನ್ ತಾಳುತ್ತದೆ. ಮೂರು ಪಟ್ಟು ಭದ್ರವಾಯಿತಲ್ಲ ಎಂದು ಕಾಗದ ಮಡಚಿಡುವವರಿದ್ದಾರೆ. ಆ ಲೆಕ್ಕ ಪೂರ್ತಿ ತಪ್ಪು.

ಭಾರ ಪ್ಲೇಟನ್ನು ಕೆಳಕ್ಕೆ ಎಳೆಯುವುದಷ್ಟೇ ಅಲ್ಲ, ಬೋಲ್ಟುಗಳ ಮಧ್ಯಬಿಂದುವಿನ ಸುತ್ತ ತಿರುಗಿಸಲೂ ನೋಡುತ್ತದೆ. ಹಾಗೆ ತಿರುಗಿಸುವ ಪ್ರಭಾವ 90 ಗುಣಿಸು 200, ಅಂದರೆ 18,000 ಕಿಲೋನ್ಯೂಟನ್-ಮಿಲಿಮೀಟರ್. ಇದನ್ನು ತಡೆಯುವ ಕೆಲಸವನ್ನು ಬೋಲ್ಟುಗಳು ಸಮನಾಗಿ ಹಂಚಿಕೊಳ್ಳುವುದಿಲ್ಲ. ಪ್ಲೇಟು ಒಂಚೂರು ತಿರುಗಿದಾಗ ಮಧ್ಯದ ಹತ್ತಿರವಿರುವ ಬೋಲ್ಟಿನ ಬಳಿ ಅದು ಸರಿಯುವುದು ಕಡಿಮೆ, ದೂರದ ಬೋಲ್ಟಿನ ಬಳಿ ಹೆಚ್ಚು. ಹಾಗಾಗಿ ದೂರವಿದ್ದಷ್ಟೂ ಬೋಲ್ಟಿನ ಮೇಲಿನ ಬಲ ಹೆಚ್ಚುತ್ತದೆ. ಸೂತ್ರವಾಗಿ ಬರೆದರೆ ಇಷ್ಟೇ:

F = M × r / Σr²

ಇಲ್ಲಿ M ತಿರುಗಿಸುವ ಪ್ರಭಾವ, r ಮಧ್ಯಬಿಂದುವಿನಿಂದ ಆ ಬೋಲ್ಟಿಗಿರುವ ದೂರ, ಕೆಳಗಿರುವುದು ಎಲ್ಲ ಬೋಲ್ಟುಗಳ ದೂರದ ವರ್ಗಗಳ ಮೊತ್ತ. ನಮ್ಮ ಆರು ಬೋಲ್ಟುಗಳಿಗೆ ಆ ಮೊತ್ತ 40,600. ಮೂಲೆಯ ಬೋಲ್ಟು ಮಧ್ಯದಿಂದ ಸುಮಾರು 94 ಮಿ.ಮೀ. ದೂರದಲ್ಲಿದೆ. ತಿರುಗುವಿಕೆಯೊಂದರಿಂದಲೇ ಅದರ ಮೇಲೆ ಸುಮಾರು 42 ಕಿಲೋನ್ಯೂಟನ್ ಬೀಳುತ್ತದೆ. ಈ ಬಲ ಓರೆಯಾದದ್ದು, ಅಡ್ಡಕ್ಕೆ 35.5, ಲಂಬಕ್ಕೆ 22.2. ಭಾರದ ಕಡೆಯ ಸಾಲಿನಲ್ಲಿ ಈ 22.2 ಮೊದಲೇ ಇದ್ದ 15ರ ಜೊತೆ ಒಂದೇ ದಿಕ್ಕಿನಲ್ಲಿ ಕೂಡಿ 37.2 ಆಗುತ್ತದೆ. ಅಡ್ಡ ಮತ್ತು ಲಂಬ ಬಲಗಳನ್ನು ಸೇರಿಸಿದರೆ ಒಟ್ಟು 51.4.

ಬೋಲ್ಟು ತಾಳುವುದು 45, ಬಿದ್ದಿರುವುದು 51. ಅದೇ ಗುಂಪಿನಲ್ಲಿ ಭಾರದಿಂದ ದೂರದ ಸಾಲಿನ ನಡುವಿನ ಬೋಲ್ಟನ್ನು ನೋಡಿ: ಅಲ್ಲಿ ಎರಡು ಬಲಗಳೂ ಒಂದಕ್ಕೊಂದು ಎದುರಾಗಿ, ಉಳಿಯುವುದು ಬರೀ 7 ಕಿಲೋನ್ಯೂಟನ್. ಒಂದು ಬೋಲ್ಟು ಆರಾಮಾಗಿ ಕೂತಿದ್ದರೆ ಇನ್ನೊಂದು ಅದರ ಏಳು ಪಟ್ಟು ಹೊರುತ್ತಿದೆ.

ಹಾಗಾದರೆ ಇನ್ನೊಂದು ಬೋಲ್ಟು ಹಾಕಿಬಿಡೋಣ ಎಂಬುದು ಸೈಟಿನಲ್ಲಿ ಮೊದಲು ಬರುವ ಮಾತು. ಅದನ್ನು ಗುಂಪಿನ ನಟ್ಟನಡುವೆ ಹಾಕಿದರೆ ಮೂಲೆಯ ಬಲ 51.4ರಿಂದ ಸುಮಾರು 50ಕ್ಕೆ ಇಳಿಯುತ್ತದೆ, ಅಷ್ಟೇ. ಮಧ್ಯಬಿಂದುವಿನಲ್ಲೇ ಇರುವ ಬೋಲ್ಟು ತಿರುಗುವಿಕೆಯನ್ನು ತಡೆಯುವುದೇ ಇಲ್ಲ. ಅದರ ಬದಲು ಇರುವ ಆರೇ ಬೋಲ್ಟುಗಳನ್ನು ದೂರ ದೂರ ಸರಿಸಿ. ಮೇಲಿನಿಂದ ಕೆಳಗಿನ ಅಂತರವನ್ನು 80ರಿಂದ 120 ಮಿ.ಮೀ.ಗೆ ಏರಿಸಿದರೆ ವರ್ಗಗಳ ಮೊತ್ತ 72,600ಕ್ಕೆ ಜಿಗಿಯುತ್ತದೆ, ಮೂಲೆಯ ಬಲ 40.4ಕ್ಕೆ ಇಳಿಯುತ್ತದೆ. ಹೊಸ ಬೋಲ್ಟು ಒಂದೂ ಬೇಕಿಲ್ಲ. ಪ್ಲೇಟು 80 ಮಿ.ಮೀ. ಉದ್ದವಾದರೆ ಸಾಕು.

ಇನ್ನೊಂದು ದಾರಿ 8.8 ಗ್ರೇಡಿನ ಬೋಲ್ಟು. ಅದು ಸುಮಾರು 90 ಕಿಲೋನ್ಯೂಟನ್ ತಾಳುತ್ತದೆ. ಆದರೆ ದೂರದಿಂದ ನೋಡಿದರೆ ಎರಡೂ ಒಂದೇ ಥರ. ವ್ಯತ್ಯಾಸ ತಿಳಿಯುವುದು ತಲೆಯ ಮೇಲೆ ಒತ್ತಿದ ಅಂಕಿಯಿಂದ ಮಾತ್ರ. ಒಂದೇ ಚೀಲದಲ್ಲಿ ಎರಡೂ ಬೆರೆತಿರುವ ಸೈಟಿನಲ್ಲಿ ಮೂಲೆಗೆ ಯಾವುದು ಹೋಯಿತು ಎಂದು ಯಾರೂ ಹೇಳಲಾರರು. ನಾನಾದರೆ ಅಂತರ ಹೆಚ್ಚಿಸುವುದನ್ನೇ ಮೊದಲು ನೋಡುತ್ತೇನೆ.

ಈ ಸೂತ್ರಕ್ಕೂ ಒಂದು ಮಿತಿ ಇದೆ. ಪ್ಲೇಟು ಬಾಗುವುದೇ ಇಲ್ಲ, ಬೋಲ್ಟುಗಳ ಬಲ ಸರಿತಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ ಎಂದು ಅದು ನಂಬಿಕೊಂಡಿದೆ. ನಿಜದಲ್ಲಿ ಮೂಲೆಯ ಬೋಲ್ಟು ಸ್ವಲ್ಪ ಬಗ್ಗಿ ಪಕ್ಕದವುಗಳಿಗೂ ಕೆಲಸ ಹಂಚುತ್ತದೆ. ಕೆನಡಾದ ಕ್ರಾಫರ್ಡ್ ಮತ್ತು ಕುಲಕ್ 1971ರಲ್ಲಿ ಇದನ್ನು ಲೆಕ್ಕಕ್ಕೆ ತರುವ ವಿಧಾನವನ್ನು ಮುಂದಿಟ್ಟರು; ಅಮೆರಿಕದ ಉಕ್ಕಿನ ಕೈಪಿಡಿಯ ಕೋಷ್ಟಕಗಳು ಆ ದಾರಿಯಲ್ಲೇ ನಡೆಯುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವುದು ಮೇಲಿನ ಸರಳ ವಿಧಾನ. ಅದು ತಪ್ಪಿದರೂ ಸಾಮಾನ್ಯವಾಗಿ ಭದ್ರತೆಯ ಕಡೆಗೇ ತಪ್ಪುತ್ತದೆ.

ಬೋಲ್ಟು ಉಳಿಯಿತು ಎಂದ ಮಾತ್ರಕ್ಕೆ ಜೋಡಣೆ ಉಳಿಯಲಿಲ್ಲ. ಬೋಲ್ಟು ತನ್ನ ಬಲವನ್ನು ಪ್ಲೇಟಿಗೆ ದಾಟಿಸುವುದು ತೂತಿನ ಗೋಡೆಯನ್ನು ಒತ್ತುವ ಮೂಲಕ. ಪ್ಲೇಟು ತೆಳುವಾಗಿದ್ದರೆ ಅಥವಾ ತೂತು ಅಂಚಿಗೆ ತೀರ ಹತ್ತಿರವಿದ್ದರೆ ಆ ಗೋಡೆ ಸೋಲುತ್ತದೆ. ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ. ಇದೇ ಬೇರಿಂಗ್ ತಪಾಸಣೆ. 20 ಮಿ.ಮೀ. ಬೋಲ್ಟಿಗೆ 22 ಮಿ.ಮೀ. ತೂತು. ಸಾಮಾನ್ಯ ಮೈಲ್ಡ್ ಸ್ಟೀಲಿನ 10 ಮಿ.ಮೀ. ಪ್ಲೇಟಿನಲ್ಲಿ, ತೂತಿನ ನಡುವಿನಿಂದ ಅಂಚಿಗೆ 40 ಮಿ.ಮೀ. ಇದ್ದರೆ ಒಂದು ತೂತು ಸುಮಾರು 99 ಕಿಲೋನ್ಯೂಟನ್ ತಾಳುತ್ತದೆ. ನಮ್ಮ 40.4ಕ್ಕೆ ಇದು ಧಾರಾಳ. ಈಗ ಯಾರೋ ಉಕ್ಕು ಉಳಿಸಲೆಂದು 6 ಮಿ.ಮೀ. ಪ್ಲೇಟು ಹಾಕಿದರು, ಮಾರ್ಕಿಂಗ್ ಸರಿಯಿಲ್ಲದೆ ಅಂಚಿನ ದೂರ 25 ಮಿ.ಮೀ.ಗೆ ಬಂತು ಎಂದುಕೊಳ್ಳಿ. ತೂತಿನ ಶಕ್ತಿ 37ಕ್ಕೆ ಕುಸಿಯುತ್ತದೆ. ಜೋಡಣೆ ಅಲ್ಲೇ ಸೋತಿತು.

ಅಸಲಿಗೆ ಅಂಚಿನ ದೂರ 25 ಇರುವಂತೆಯೇ ಇಲ್ಲ. ಯಂತ್ರದಿಂದ ಕತ್ತರಿಸಿದ ಅಂಚಾದರೆ ತೂತಿನ ವ್ಯಾಸದ ಒಂದೂವರೆ ಪಟ್ಟು, ಅಂದರೆ 33 ಮಿ.ಮೀ. ಕನಿಷ್ಠ, ಕೈಯಲ್ಲಿ ಗ್ಯಾಸ್ ಕಟಿಂಗ್ ಮಾಡಿದ್ದಾದರೆ 1.7 ಪಟ್ಟು, ಸುಮಾರು 37. ಯಾವ ಅಂಚು ಮುಖ್ಯ ಎನ್ನುವುದನ್ನೂ ಗಮನಿಸಬೇಕು. ಬಲಗಡೆ ಭಾರವಿರುವ ಬ್ರಾಕೆಟ್ಟಿನಲ್ಲಿ ಬಲಗಡೆಯ ಮೇಲ್ಮೂಲೆಯ ಬೋಲ್ಟು ಪ್ಲೇಟನ್ನು ಮೇಲಕ್ಕೂ ಎಡಕ್ಕೂ ಒತ್ತುತ್ತದೆ. ಆದ್ದರಿಂದ ಅಲ್ಲಿ ಪ್ಲೇಟಿನ ಮೇಲಂಚನ್ನು ಜಿಪುಣತನದಿಂದ ಕತ್ತರಿಸಬಾರದು.

ಬೇರಿಂಗ್ ಸೋಲಿಗೆ ಒಂದು ಒಳ್ಳೆಯ ಗುಣವಿದೆ: ಅದು ನಿಧಾನ. ತೂತು ಎಳೆಯುತ್ತದೆ, ಬೋಲ್ಟಿನ ಸುತ್ತಲಿನ ಬಣ್ಣ ಬಿರುಕು ಬಿಡುತ್ತದೆ, ಬ್ರಾಕೆಟ್ಟಿನ ತುದಿ ಕೆಲವು ಮಿಲಿಮೀಟರ್ ಬಾಗುತ್ತದೆ, ಬೀಮಿನ ಮಟ್ಟ ತಪ್ಪುತ್ತದೆ. ನೋಡುವ ಕಣ್ಣಿದ್ದರೆ ಕಾಣುತ್ತದೆ. ಬೋಲ್ಟು ಕತ್ತರಿಸುವುದು ಹಾಗಲ್ಲ. ಹೆಚ್ಚು ಮುನ್ಸೂಚನೆ ಕೊಡದೆ ಒಮ್ಮೆಲೇ ಹೋಗುತ್ತದೆ. ಅದಕ್ಕೇ ಬೋಲ್ಟನ್ನು ಪ್ಲೇಟಿಗಿಂತ ಬಲವಾಗಿ ಇಡುವುದು ಅನುಭವಸ್ಥ ವಿನ್ಯಾಸಕರ ರೂಢಿ.

ಮೂರನೆಯದು ಬ್ಲಾಕ್ ಶಿಯರ್. ಇಲ್ಲಿ ಬೋಲ್ಟೂ ಮುರಿಯುವುದಿಲ್ಲ, ತೂತೂ ಎಳೆಯುವುದಿಲ್ಲ. ಬೋಲ್ಟುಗಳ ಸಾಲನ್ನು ಒಳಗೊಂಡ ಪ್ಲೇಟಿನ ಒಂದು ತುಂಡೇ ಕಿತ್ತು ಬರುತ್ತದೆ. ಆ ತುಂಡಿನ ಒಂದು ಬದಿ ಬೋಲ್ಟು ಸಾಲಿನುದ್ದಕ್ಕೂ ಕತ್ತರಿಸುತ್ತದೆ, ಇನ್ನೊಂದು ಬದಿ ಎಳೆತಕ್ಕೆ ಹರಿಯುತ್ತದೆ. ನಮ್ಮ 10 ಮಿ.ಮೀ. ಬ್ರಾಕೆಟ್ಟಿನಲ್ಲಿ ಕೆಳಗಿನ ಬೋಲ್ಟಿನಿಂದ ಮೇಲಂಚಿನವರೆಗೆ ಮತ್ತು ಅಡ್ಡಕ್ಕೆ ಆಚೆಯ ಅಂಚಿನವರೆಗೆ ಗೆರೆ ಎಳೆದು ಲೆಕ್ಕ ಹಾಕಿದರೆ 680 ಕಿಲೋನ್ಯೂಟನ್ ದಾಟುತ್ತದೆ. ಆ ಸೂತ್ರ ಸಮನಾದ ಎಳೆತಕ್ಕೆ ಬರೆದದ್ದು, ತಿರುಗುವಿಕೆ ಅದರಲ್ಲಿಲ್ಲ. ಹಾಗಿದ್ದರೂ 90ರ ಮುಂದೆ 680 ಇರುವಾಗ ತಲೆಕೆಡಿಸಿಕೊಳ್ಳಬೇಕಿಲ್ಲ.

ತಲೆಕೆಡಿಸಿಕೊಳ್ಳಬೇಕಾದ ಜಾಗ ಬೇರೆ. ದೊಡ್ಡ ಬೀಮಿಗೆ ಚಿಕ್ಕ ಬೀಮು ಸೇರುವಲ್ಲಿ, ಎರಡರ ಮೇಲ್ಮೈ ಒಂದೇ ಮಟ್ಟಕ್ಕೆ ಬರಲೆಂದು ಚಿಕ್ಕ ಬೀಮಿನ ತುದಿಯ ಮೇಲಿನ ಫ್ಲೇಂಜನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ತೆಳುವಾದ ವೆಬ್ ಮಾತ್ರ. 1978ರಲ್ಲಿ ಬರ್ಕೆಮೊ ಮತ್ತು ಗಿಲ್ಮೋರ್ ಪ್ರಕಟಿಸಿದ ಪರೀಕ್ಷೆಗಳಲ್ಲಿ ಇಂಥ ಬೀಮಿನ ವೆಬ್ ತುಂಡಾಗಿ ಕಿತ್ತುಬಂದಾಗಲೇ ಈ ಸೋಲಿನ ಬಗ್ಗೆ ಸಂಹಿತೆಗಳು ಎಚ್ಚೆತ್ತುಕೊಂಡದ್ದು. ನಮ್ಮ 1984ರ ಸಂಹಿತೆಯಲ್ಲಿ ಈ ತಪಾಸಣೆ ಇರಲಿಲ್ಲ, 2007ರದರಲ್ಲಿ ಬಂತು.

6 ಮಿ.ಮೀ. ವೆಬ್, 8.8 ಗ್ರೇಡಿನ ಮೂರು ಬೋಲ್ಟು, 60 ಮಿ.ಮೀ. ಅಂತರ, ಎರಡೂ ಅಂಚಿಗೆ 35 ಮಿ.ಮೀ. ಎಂದಿಟ್ಟುಕೊಳ್ಳಿ. ಮೂರು ಬೋಲ್ಟುಗಳ ಶಕ್ತಿ ಸುಮಾರು 270 ಕಿಲೋನ್ಯೂಟನ್. ಮೂರು ತೂತುಗಳ ಬೇರಿಂಗ್ ಸುಮಾರು 156. ವೆಬ್ಬಿನ ತುಂಡು ಕಿತ್ತು ಬರುವುದು 150ಕ್ಕೆ. ಬರೀ ಬೋಲ್ಟು ನೋಡಿ 250 ಹೊರಿಸಿದವರು ಬೀಮಿನ ತುದಿಯನ್ನೇ ಹರಿಯಲು ಬಿಟ್ಟಂತೆ. ಇಲ್ಲಿ ಇನ್ನೂ ಗಟ್ಟಿ ಬೋಲ್ಟು ಹಾಕಿದರೆ ಏನೂ ಆಗುವುದಿಲ್ಲ. ಅಂತರ ಹೆಚ್ಚಿಸಬೇಕು, ಅಂಚು ಬಿಡಬೇಕು, ಇಲ್ಲವೇ ವೆಬ್ಬಿಗೆ ಇನ್ನೊಂದು ಪ್ಲೇಟು ಬೆಸೆದು ದಪ್ಪ ಮಾಡಬೇಕು.

ಶೆಡ್ಡು ಕಟ್ಟಿಸುವವರಿಗೆ ಸೂತ್ರ ಗೊತ್ತಿರಬೇಕಾಗಿಲ್ಲ. ಆದರೆ ಫ್ಯಾಬ್ರಿಕೇಟರ್ ತಂದುಕೊಡುವ ಡ್ರಾಯಿಂಗಿನಲ್ಲಿ ಬೋಲ್ಟಿನ ವ್ಯಾಸ, ಗ್ರೇಡು, ಬೋಲ್ಟುಗಳ ಅಂತರ, ಅಂಚಿನ ದೂರ, ಪ್ಲೇಟಿನ ದಪ್ಪ ಈ ಐದೂ ನಮೂದಾಗಿರಬೇಕು. ಜೊತೆಗೆ ಭಾರ ಬೋಲ್ಟುಗಳಿಂದ ಎಷ್ಟು ದೂರ ಎಂದು ಬರೆದ ಲೆಕ್ಕದ ಹಾಳೆಯೂ ಇರಬೇಕು. ‘ಆರು ಬೋಲ್ಟ್ ಹಾಕಿದೀವಿ ಸಾರ್, ಏನೂ ಆಗಲ್ಲ’ ಎಂಬುದಷ್ಟೇ ಉತ್ತರವಾದರೆ ಕೆಲಸ ಶುರುಮಾಡಲು ಒಪ್ಪಿಗೆ ಕೊಡಬೇಡಿ.