ಅಡಗಿದ ನಿಯಮದ ಬೆನ್ನು ಹತ್ತಿ

2, 4, 8 ಎಂದು ಬರೆದು ಮುಂದಿನ ಸಂಖ್ಯೆ ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ 16 ಎನ್ನುತ್ತಾರೆ. ಪ್ರತಿ ಬಾರಿಯೂ ಎರಡರಷ್ಟು ಮಾಡಿದರೆ ಬರುವುದು ಅದೇ. ಹತ್ತನೆಯವನು 14 ಎಂದರೆ ಅವನ ಉತ್ತರವನ್ನೂ ತಳ್ಳಿಹಾಕುವಂತಿಲ್ಲ. ಎರಡಕ್ಕೆ 2 ಕೂಡಿಸಿದರೆ 4, ಅದಕ್ಕೆ 4 ಕೂಡಿಸಿದರೆ 8, ಅದಕ್ಕೆ 6 ಕೂಡಿಸಿದರೆ 14. ಎರಡು ನಿಯಮಗಳಲ್ಲಿಯೂ ದೋಷವಿಲ್ಲ. ದೋಷ ಇರುವುದು ಮೂರೇ ಸಂಖ್ಯೆ ಕೊಟ್ಟು ನಾಲ್ಕನೆಯದನ್ನು ಕೇಳಿದ ಪ್ರಶ್ನೆಯಲ್ಲಿ.

ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆಗಳಿಗೆ 90 ನಿಮಿಷ ಸಿಗುತ್ತದೆ. ಸಂಖ್ಯಾ ಸರಣಿ, ಸಂಬಂಧ ಗುರುತಿಸುವುದು, ಗುಂಪಿಗೆ ಸೇರದ್ದನ್ನು ಆರಿಸುವುದು ಅಲ್ಲಿನ ಕಾಯಂ ಅತಿಥಿಗಳು. ಪೊಲೀಸ್ ನೇಮಕಾತಿಯಿಂದ ಬ್ಯಾಂಕ್ ಪರೀಕ್ಷೆಯವರೆಗೆ ಇದೇ ಬಗೆಯ ಪ್ರಶ್ನೆಗಳು ಬೇರೆ ಬೇರೆ ವೇಷದಲ್ಲಿ ಬರುತ್ತವೆ. ಒಂದೊಂದಕ್ಕೆ ಒಂದೇ ನಿಮಿಷ ಇರುವಾಗ ಎಲ್ಲಿಂದ ಶುರು ಮಾಡಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಸರಣಿಯಲ್ಲಿ ಮೊದಲು ನೋಡಬೇಕಾದದ್ದು ಸಂಖ್ಯೆಗಳನ್ನಲ್ಲ, ಅವುಗಳ ನಡುವಿನ ಅಂತರವನ್ನು. 3, 4, 8, 17, 33 ಎಂಬ ಸಾಲನ್ನು ತೆಗೆದುಕೊಳ್ಳಿ. ಮೇಲ್ನೋಟಕ್ಕೆ ಇವುಗಳಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಒಂದರಲ್ಲಿ ಇನ್ನೊಂದನ್ನು ಕಳೆದು ಅಂತರಗಳನ್ನು ಕೆಳಗೆ ಬರೆದರೆ 1, 4, 9, 16 ಸಿಗುತ್ತವೆ. ಇವು ಒಂದು, ಎರಡು, ಮೂರು, ನಾಲ್ಕರ ವರ್ಗಗಳು. ಮುಂದಿನ ಅಂತರ 25, ಹಾಗಾಗಿ ಉತ್ತರ 58. ಇವು ವರ್ಗಗಳೆಂಬುದು ಹೊಳೆಯದಿದ್ದರೂ ಅಡ್ಡಿಯಿಲ್ಲ. ಅಂತರಗಳ ಅಂತರವನ್ನು ಇನ್ನೊಮ್ಮೆ ತೆಗೆದರೆ 3, 5, 7 ಬರುತ್ತವೆ. ಮುಂದಿನದು 9 ಎಂದು ಹಿಡಿದು ಮೇಲಕ್ಕೆ ಹತ್ತಿದರೆ 16ಕ್ಕೆ 9 ಸೇರಿ 25, 33ಕ್ಕೆ 25 ಸೇರಿ ಅದೇ 58.

ಸರಣಿಯ ಸಂಖ್ಯೆಗಳು ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಹೋದರೆ ಲೆಕ್ಕ ಬೇರೆ. 7, 10, 9, 13, 11, 16, 13 ಎಂಬಲ್ಲಿ ಎರಡು ಸರಣಿಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ. ಒಂದು ಬಿಟ್ಟು ಒಂದನ್ನು ಓದಿದರೆ 7, 9, 11, 13 ಒಂದು ಎಳೆ; 10, 13, 16 ಇನ್ನೊಂದು. ಖಾಲಿ ಜಾಗ ಎರಡನೆಯ ಎಳೆಗೆ ಸೇರಿದ್ದರಿಂದ ಉತ್ತರ 19. ಹೆಣೆದ ಸರಣಿ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಎರಡೂ ಎಳೆಗಳ ನಿಯಮ ಕಾಣಬೇಕಾದರೆ ಅಷ್ಟು ಉದ್ದ ಬೇಕೇ ಬೇಕು.

ತಪ್ಪು ಸಂಖ್ಯೆಯನ್ನು ಹುಡುಕಿ ಎನ್ನುವ ಪ್ರಶ್ನೆಗೂ ಅಂತರವೇ ಸಾಕ್ಷಿ. 6, 13, 20, 26, 34, 41ರಲ್ಲಿ ಅಂತರಗಳು 7, 7, 6, 8, 7. ನಡುವಿನ ಒಂದು ಸಂಖ್ಯೆ ಕೆಟ್ಟರೆ ಅದರ ಎಡಬಲದ ಎರಡೂ ಅಂತರಗಳು ಕೆಡುತ್ತವೆ. ಕೆಟ್ಟ 6 ಮತ್ತು 8ರ ನಡುವೆ ಕುಳಿತಿರುವ 26ನ್ನು 27 ಮಾಡಿದರೆ ಸಾಲು ನೆಟ್ಟಗಾಗುತ್ತದೆ.

ಹೆಚ್ಚು ಸಂಖ್ಯೆ ಕೊಟ್ಟ ಮಾತ್ರಕ್ಕೆ ಒಂದೇ ಉತ್ತರ ಉಳಿಯುತ್ತದೆಯೇ? ಗಣಿತಜ್ಞರು ಇಲ್ಲ ಎನ್ನುತ್ತಾರೆ. ವೃತ್ತದ ಅಂಚಿನಲ್ಲಿ ಚುಕ್ಕಿಗಳನ್ನಿಟ್ಟು, ಪ್ರತಿಯೊಂದನ್ನೂ ಉಳಿದೆಲ್ಲಕ್ಕೂ ಸರಳ ರೇಖೆಯಿಂದ ಜೋಡಿಸಿ, ವೃತ್ತ ಗರಿಷ್ಠ ಎಷ್ಟು ತುಂಡಾಗಬಹುದು ಎಂದು ಎಣಿಸಿದರೆ ಒಂದು ಚುಕ್ಕಿಗೆ 1, ಎರಡಕ್ಕೆ 2, ಆಮೇಲೆ 4, 8, 16. ಆರನೆಯ ಚುಕ್ಕಿ ಇಟ್ಟಾಗ 32 ಬರಬೇಕಿತ್ತಲ್ಲವೇ? ಬರುವುದು 31. ನಂಬಿಕೆ ಬಾರದವರು ಪೆನ್ಸಿಲ್ ಹಿಡಿದು ಎಣಿಸಬಹುದು. ಒಳಗೆ ಎಲ್ಲಿಯೂ ಮೂರು ರೇಖೆಗಳು ಒಂದೇ ಬಿಂದುವಿನಲ್ಲಿ ಸೇರದಂತೆ ಎಳೆಯಬೇಕು, ಅಷ್ಟೇ. ನೀಲ್ ಸ್ಲೋನ್ ಎಂಬ ಗಣಿತಜ್ಞ 1964ರಲ್ಲಿ ಇಂಥ ಸರಣಿಗಳನ್ನು ಕಲೆಹಾಕತೊಡಗಿದರು. ಈಗ ಅಂತರಜಾಲದಲ್ಲಿರುವ ಆ ಸಂಗ್ರಹದಲ್ಲಿ 3.5 ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಒಂದೇ ರೀತಿ ಶುರುವಾಗಿ ನಡುದಾರಿಯಲ್ಲಿ ಬೇರೆಯಾಗುವಂಥವು ಅಲ್ಲಿ ಎಷ್ಟೋ ಸಿಗುತ್ತವೆ.

ಹಾಗಿದ್ದರೆ ಪರೀಕ್ಷೆಯಲ್ಲಿ ಒಂದೇ ಉತ್ತರ ಸರಿ ಎನ್ನುವುದು ಯಾವ ನ್ಯಾಯ? ಇದಕ್ಕೆ ಸಂಬಂಧ ಗುರುತಿಸುವ ಪ್ರಶ್ನೆಯೊಂದು ದಾರಿ ತೋರಿಸುತ್ತದೆ. 27ಕ್ಕೆ 63 ಹೇಗೋ 64ಕ್ಕೆ ಯಾವುದು ಹಾಗೆ? ಆಯ್ಕೆಗಳು 100, 124, 125, 144 ಎಂದಿಟ್ಟುಕೊಳ್ಳೋಣ. 27ಕ್ಕೆ 36 ಕೂಡಿಸಿದರೆ 63. ಅದೇ ದಾರಿಯಲ್ಲಿ 64ಕ್ಕೆ 36 ಕೂಡಿಸಿದರೆ 100, ಆಯ್ಕೆಯಲ್ಲೂ ಅದು ಇದೆ. ಅವಸರದವರು ಅಲ್ಲಿಗೇ ಗುರುತು ಹಾಕಿ ಮುಂದೆ ಹೋಗುತ್ತಾರೆ. ನಿಧಾನವಾಗಿ ನೋಡಿದವರಿಗೆ 27 ಮೂರರ ಘನ, 64 ನಾಲ್ಕರ ಘನ ಎಂಬುದು ಕಾಣುತ್ತದೆ. ಮೂರರ ಮುಂದಿನ ನಾಲ್ಕರ ಘನದಲ್ಲಿ ಒಂದು ಕಳೆದರೆ 63. ಹಾಗೆಯೇ ನಾಲ್ಕರ ಮುಂದಿನ ಐದರ ಘನ 125ರಲ್ಲಿ ಒಂದು ಕಳೆದರೆ 124. ಆ ಒಂದನ್ನು ಕಳೆಯಲು ಮರೆಯುವವರಿಗಾಗಿಯೇ ಪಕ್ಕದಲ್ಲಿ 125 ಕಾದು ಕುಳಿತಿದೆ.

ಎರಡು ನಿಯಮಗಳಲ್ಲಿ 124ರದ್ದೇ ಮೇಲು ಎನ್ನಲು ಕಾರಣವಿದೆ. 36 ಕೂಡಿಸುವ ನಿಯಮ ಯಾವ ಸಂಖ್ಯೆಯ ಜೊತೆಗೂ ನಡೆಯುತ್ತದೆ. 27ರ ಬದಲು 29, 64ರ ಬದಲು 70 ಇದ್ದರೂ ಅದಕ್ಕೆ ಬೇಸರವಿಲ್ಲ. ಒಂದರಿಂದ ನೂರರವರೆಗೆ ಘನ ಸಂಖ್ಯೆಗಳು ಇರುವುದು ನಾಲ್ಕೇ. ಕೊಟ್ಟ ಎರಡೂ ಸಂಖ್ಯೆಗಳು ಆ ನಾಲ್ಕರೊಳಗೇ ಬಿದ್ದದ್ದು ಆಕಸ್ಮಿಕ ಇರಲಾರದು, ಪ್ರಶ್ನೆ ಮಾಡಿದವರು ಆರಿಸಿಯೇ ಇಟ್ಟಿರಬೇಕು. ಕೊಟ್ಟ ಸಂಖ್ಯೆಗಳಿಗೆ ಬಿಗಿಯಾಗಿ ಅಂಟಿದ ನಿಯಮವೇ ಅವರ ಮನಸ್ಸಿನಲ್ಲಿದ್ದದ್ದು. ಹಾಗೆಂದು ಪ್ರಶ್ನೆ ಮಾಡಿದವರನ್ನು ಸುಮ್ಮನೆ ಬಿಡುವಂತಿಲ್ಲ. 100ನ್ನು ಆಯ್ಕೆಯಲ್ಲಿಟ್ಟು ಅವರು ಜಗಳಕ್ಕೆ ಜಾಗ ಮಾಡಿಕೊಟ್ಟಿದ್ದಾರೆ. ಕೀ ಉತ್ತರ ಪ್ರಕಟವಾದ ಮೇಲೆ ಆಕ್ಷೇಪಣೆ ಬರುವುದು ಇಂಥ ಕಡೆಯೇ. ಅಲ್ಲಿ 126 ಇಟ್ಟಿದ್ದರೆ ತಂಟೆ ಇರುತ್ತಿರಲಿಲ್ಲ.

ಗುಂಪಿಗೆ ಸೇರದ್ದನ್ನು ಹುಡುಕುವಲ್ಲಿ ಈ ತಂಟೆ ಇನ್ನೂ ಹೆಚ್ಚು. 9, 16, 25, 27ರಲ್ಲಿ ಯಾವುದು ಬೇರೆ? 27 ವರ್ಗ ಸಂಖ್ಯೆಯಲ್ಲ. ಆದರೆ 16 ಮಾತ್ರ ಸಮ ಸಂಖ್ಯೆ, ಉಳಿದ ಮೂರೂ ಬೆಸ. ಬಿಗಿಯ ಅಳತೆ ಹಾಕಿದರೆ 27 ಗೆಲ್ಲುತ್ತದೆ, ಏಕೆಂದರೆ ನೂರರೊಳಗೆ ಬೆಸ ಸಂಖ್ಯೆಗಳು 50, ವರ್ಗಗಳು 10 ಮಾತ್ರ. ಪ್ರಶ್ನೆಯನ್ನು ರಿಪೇರಿ ಮಾಡಲು 25ರ ಜಾಗದಲ್ಲಿ 36 ಇಟ್ಟರೆ ಸಮ ಎರಡು, ಬೆಸ ಎರಡು ಆಗುತ್ತವೆ. ಅಷ್ಟರಲ್ಲಿ ಇನ್ನೊಂದು ತೊಡಕು ತಲೆ ಎತ್ತುತ್ತದೆ: 9, 36, 27 ಒಂಬತ್ತರ ಮಗ್ಗಿಯವು, 16 ಮತ್ತೆ ಒಂಟಿ. 9ನ್ನು ತೆಗೆದು 49 ಹಾಕಿದರೆ, ಅಂದರೆ 16, 36, 49, 27 ಎಂದಾದರೆ, ಆ ಎರಡು ತೊಡಕುಗಳೂ ಕಳೆಯುತ್ತವೆ.

ಪದಗಳ ವಿಷಯಕ್ಕೆ ಬಂದರೆ ಅಳೆಯಲು ಇಂಥ ಕೋಲೂ ಇಲ್ಲ. ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1931–32ರಲ್ಲಿ ಉಜ್ಬೇಕಿಸ್ತಾನದ ಓದುಬರಹ ಬಾರದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ ಮತ್ತು ಮರದ ದಿಮ್ಮಿಯನ್ನು ಇಟ್ಟು ಸೇರದ್ದನ್ನು ಕೇಳಿದರು. ಉಳಿದ ಮೂರೂ ಉಪಕರಣಗಳು, ಹಾಗಾಗಿ ದಿಮ್ಮಿ ಎಂಬ ಉತ್ತರ ಅವರಿಗೆ ಬೇಕಿತ್ತು. ಎಷ್ಟೋ ರೈತರು ದಿಮ್ಮಿಯನ್ನು ಬಿಟ್ಟುಕೊಡಲೇ ಇಲ್ಲ: ದಿಮ್ಮಿ ಇಲ್ಲದಿದ್ದರೆ ಗರಗಸಕ್ಕೂ ಕೊಡಲಿಗೂ ಏನು ಕೆಲಸ ಎಂಬುದು ಅವರ ವಾದ. ಅದೂ ಒಂದು ನಿಯಮವೇ, ಕೀ ಉತ್ತರದಲ್ಲಿ ಇರಲಿಲ್ಲ ಅಷ್ಟೇ.

ನಮ್ಮಲ್ಲಿಯೇ ಕಾವೇರಿ, ಕೃಷ್ಣಾ, ಶರಾವತಿ, ಕಬಿನಿ ಎಂದು ಕೊಟ್ಟು ನೋಡಿ. ಪಶ್ಚಿಮಕ್ಕೆ ಹರಿಯುವುದು ಶರಾವತಿ ಒಂದೇ ಎಂದು ಒಬ್ಬರು, ಸಮುದ್ರ ಸೇರದ ಉಪನದಿ ಕಬಿನಿ ಒಂದೇ ಎಂದು ಇನ್ನೊಬ್ಬರು ಹೇಳಿದರೆ ಇಬ್ಬರಿಗೂ ಅಂಕ ಕೊಡಬೇಕಾಗುತ್ತದೆ. ಕಾವೇರಿ, ಕೃಷ್ಣೆಯರ ಜಾಗದಲ್ಲಿ ಹೇಮಾವತಿ, ತುಂಗಭದ್ರೆಯರನ್ನು ತಂದರೆ ಮೂರು ಉಪನದಿಗಳಾಗುತ್ತವೆ. ಆಗ ಯಾವ ನಿಯಮ ಹಿಡಿದು ಹೊರಟರೂ ಇಬ್ಬರೂ ತಲುಪುವುದು ಶರಾವತಿಗೇ.