ಪಂಪಿಗೆ ಎಷ್ಟು, ಕಾಯೋದು ಎಷ್ಟು ದಿನ

ರಾಣೆಬೆನ್ನೂರಿನಿಂದ ಒಂದಿಷ್ಟು ಒಳಗಿರುವ ಈ ಹೊಲದಲ್ಲಿ ಒಂದು ಎಕರೆ ಹಸಿಮೆಣಸಿನಕಾಯಿ, ಅದರ ಬದಿಗೆ ಹತ್ತು ಗುಂಟೆ ಬೆಂಡಿ. ಎರಡರಲ್ಲೂ ಕಾಯಿ ಬಿಡಿಸುವುದು ನಡೆದಿದೆ. ಮೆಣಸಿನ ಎಲೆ ಮುದುಡಿದೆ, ಬೆಂಡಿಯ ಎಲೆಯಂಚು ಹಳದಿಗೆ ತಿರುಗಿದೆ. ಯಜಮಾನರು ಅಂಗಡಿಯಿಂದ 100 ಮಿಲಿಯ ಒಂದು ಬಾಟಲಿ ತಂದಿಟ್ಟಿದ್ದಾರೆ: ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್. ಎರಡಕ್ಕೂ ಇವತ್ತೇ ‘ಎಣ್ಣಿ ಹೊಡಿಸಬೇಕು’ ಎಂಬುದು ಅವರ ಲೆಕ್ಕ.

ಹೊಡೆಯುವವರು ಬೇರೆ. ಐವತ್ತು ದಾಟಿದ ಆಳು, ಈ ಸೀಮೆಯಲ್ಲಿ ವರ್ಷಗಟ್ಟಲೆ ಬೆನ್ನಿಗೆ ಪಂಪು ಹೊತ್ತವರು, ಓದು ಬಾರದು. ಓದಿ ಹೇಳಲು ಕೂತವರು ಯಜಮಾನರ ಸೊಸೆ, ಕೃಷಿ ಡಿಪ್ಲೊಮಾ ಮಾಡಿದ ಹುಡುಗಿ. ಅವರು ಇವರಿಗೆ ‘ಕಾಕಾ’ ಅನ್ನುತ್ತಾರೆ, ಇವರು ಅವರಿಗೆ ‘ಯವ್ವಾ’.

ಬಾಟಲಿಯ ಜೊತೆ ಬಂದ ಹಾಳೆ ಹತ್ತು ಮಡಿಕೆಯದು. ಕನ್ನಡವೂ ಇದೆ, ಆದರೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. “ಧರಿಸತಕ್ಕದ್ದು”, “ಸೇವಿಸಕೂಡದು” ಎಂಬ ಕಚೇರಿ ಕನ್ನಡ ಬೇರೆ. ಆಕೆ ಅದನ್ನು ಸಾಲು ಸಾಲಾಗಿ ಓದಲಿಲ್ಲ. ಮೊದಲು ಬಾಟಲಿಯನ್ನೇ ತಿರುಗಿಸಿ ಓರೆಯಾಗಿ ನಿಂತ ಚೌಕವನ್ನು ತೋರಿಸಿದರು. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತದೆ. ಕೆಂಪಾದರೆ ಎಲ್ಲಕ್ಕಿಂತ ಘೋರ ವಿಷ, ಮೇಲೆ ತಲೆಬುರುಡೆಯೂ ಇರುತ್ತದೆ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. “ಹಸಿರಂದ್ರ ಏನೂ ಆಗಂಗಿಲ್ಲ ಅಂತಲ್ಲ ಕಾಕಾ. ಉಳಿದ ಮೂರಕ್ಕಿಂತ ಕಡಿಮಿ ಅಂತ ಅಷ್ಟ.”

“ಅದಿರ್ಲಿ ಯವ್ವಾ, ಪಂಪಿಗೆ ಎಷ್ಟು ಹಾಕ್ಲಿ?”

ಸರಿಯಾದ ಪ್ರಶ್ನೆ, ಆದರೆ ಹಾಳೆಯಲ್ಲಿ ಇದಕ್ಕೆ ನೇರ ಉತ್ತರವೇ ಇಲ್ಲ. ಅಲ್ಲಿರುವುದು ಹೆಕ್ಟೇರಿನ ಲೆಕ್ಕ. ಬೆಂಡಿಯ ಜಿಗಿಹುಳು, ಹೇನುಗಳಿಗೆ ಹೆಕ್ಟೇರಿಗೆ 100 ಮಿಲಿ ಔಷಧ, 500 ಲೀಟರ್ ನೀರು. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ; ಹಾಗಾಗಿ ಎಕರೆಗೆ 40 ಮಿಲಿ, 200 ಲೀಟರ್. ಇಲ್ಲಿರುವುದು ಹತ್ತು ಗುಂಟೆ, ಅಂದರೆ ಕಾಲು ಎಕರೆ: 10 ಮಿಲಿ, 50 ಲೀಟರ್. ಕಾಕಾನ ಪಂಪು 16 ಲೀಟರಿನದು, ಹತ್ತಿರ ಹತ್ತಿರ ಮೂರು ಪಂಪು. ಪಂಪಿಗೆ ಮೂರು ಮಿಲಿ ಚಿಲ್ಲರೆ.

ಕಾಕಾ ನಕ್ಕುಬಿಟ್ಟರು. ಇಷ್ಟು ದಿನ ಮುಚ್ಚಳದಲ್ಲಿ ಅಳೆದು ಸುರಿದು ರೂಢಿ, ಹುಳ ಜಾಸ್ತಿ ಕಂಡರೆ ಇನ್ನೊಂದು ಮುಚ್ಚಳ. ಆಕೆ ಮಗುವಿನ ಸಿರಪ್ಪಿನ ಜೊತೆ ಬಂದ ಗೆರೆಯಿರುವ ಅಳತೆ ಲೋಟದಲ್ಲಿ ನೀರು ಹಾಕಿ ಮೂರು ಮಿಲಿ ತೋರಿಸಿದರು. ಆಮೇಲೆ ಅದೇ ನೀರನ್ನು ಬಾಟಲಿಯ ಮುಚ್ಚಳಕ್ಕೆ ಬಗ್ಗಿಸಿದರೆ ತಳವೂ ಸರಿಯಾಗಿ ಮುಚ್ಚಲಿಲ್ಲ. ಆ ಲೋಟ ಇನ್ನು ಔಷಧದ ಪೆಟ್ಟಿಗೆಯಲ್ಲೇ ಇರಬೇಕು, ಮನೆಯೊಳಗೆ ಹೋಗಕೂಡದು ಎಂದು ಅದರ ಮೇಲೆ ಕೆಂಪು ಬಣ್ಣ ಹಚ್ಚಿದ್ದಾರೆ.

ತಂಟೆ ಶುರುವಾಗಿದ್ದು ಕೊನೆಯ ಕಾಲಮ್ಮಿನಲ್ಲಿ. ಅಲ್ಲಿ ಬರೀ ಅಂಕಿಗಳಿವೆ: ಬೆಂಡಿಯ ಎದುರು 3, ಟೊಮೆಟೊ ಎದುರು 3, ಮೆಣಸಿನಕಾಯಿಯ ಎದುರು 40. ಮೇಲೆ ‘ಕಾಯುವ ಅವಧಿ’ ಎಂದಿದೆ. ಇದು ಮತ್ತೆ ಔಷಧ ಹೊಡೆಯಲು ಕಾಯುವ ದಿನಗಳೆಂದು ಕಾಕಾ ತಿಳಿದಿದ್ದರು. ಹೊಡೆದ ಮೇಲೆ ಹೊಲದೊಳಗೆ ಕಾಲಿಡಬಾರದ ದಿನಗಳೆಂದು ತಿಳಿದವರನ್ನೂ ನಾನು ನೋಡಿದ್ದೇನೆ. ಎರಡೂ ಅಲ್ಲ. ಕೊನೆಯ ಸಲ ಹೊಡೆದ ದಿನದಿಂದ ಕಾಯಿ ಬಿಡಿಸುವ ದಿನದವರೆಗೆ ಇರಬೇಕಾದ ಅಂತರ ಅದು. ಕಾಯಿಯೊಳಗಿನ ವಿಷ ತಿನ್ನುವವರಿಗೆ ತಾಗದಷ್ಟು ಇಳಿಯಲು ಬೇಕಾದ ದಿನಗಳು.

“ಅಂಗಡ್ಯಾಂವ ಮೂರ ದಿನ ಅಂದಾನಲ್ಲ?” ಎಂದರು ಯಜಮಾನರು. ಅಂಗಡಿಯವನು ಸುಳ್ಳು ಹೇಳಿರಲಿಕ್ಕಿಲ್ಲ, ಬೆಂಡಿಯ ಸಾಲನ್ನು ಓದಿದ್ದಾನೆ. ಮೆಣಸಿನಕಾಯಿಯನ್ನು ವಾರ, ಹತ್ತು ದಿನಕ್ಕೊಮ್ಮೆ ಬಿಡಿಸಿ ಮಾರುಕಟ್ಟೆಗೆ ಕಳಿಸುವವರಿಗೆ 40 ದಿನದ ಔಷಧ ಹೊಂದುವುದೇ ಇಲ್ಲ. ಗಿಡ ಎಳೆಯದಾಗಿದ್ದಾಗ ಹೊಡೆಯಬಹುದಿತ್ತು, ಈಗ ಆಗದು. ಹುಳಕ್ಕೆ ಒಗ್ಗುವ ಔಷಧ ಬೆಳೆಯ ಈ ಹಂತಕ್ಕೂ ಒಗ್ಗಬೇಕೆಂಬುದನ್ನು ಇಡೀ ಹಾಳೆಯಲ್ಲಿ ಹೇಳುವುದು ಈ ಒಂದು ಕಾಲಮ್ಮು ಮಾತ್ರ. ಅದನ್ನು ಹಾಳೆಯ ತುದಿಗೆ ತಳ್ಳಿದವರ ಮೇಲೆ ನನಗೆ ಸಿಟ್ಟಿದೆ.

ಹೀಗಾಗಿ ಇವತ್ತು ಬೆಂಡಿಗೆ ಮಾತ್ರ. ಅದೂ ಸಂಜೆ, ಹೂವಿನ ಮೇಲಿನ ಜೇನ್ನೊಣ ಗೂಡಿಗೆ ಹೋದ ಮೇಲೆ. ಈ ಔಷಧ ಜೇನಿಗೆ ಬಲು ಕೆಟ್ಟದ್ದು.

ಪಂಪಿಗೆ ಮೊದಲು ಬರೀ ನೀರು ತುಂಬಿ ಹೊತ್ತು ನೋಡಲು ಹೇಳಿದರು. ಕಾಕಾ ನಾಲ್ಕು ಹೆಜ್ಜೆ ಬಗ್ಗಿ ನಡೆದು ಬಂದರು. ಬೆನ್ನ ಮೇಲೆ ಅಂಗೈಯಗಲ ಒದ್ದೆ. ಮುಚ್ಚಳದ ವಾಶರ್ ಸವೆದಿತ್ತು. ಹಾಗೇ ಹೊಡೆದಿದ್ದರೆ ಒಂದು ತಾಸು ಆ ಔಷಧ ಒದ್ದೆ ಅಂಗಿಯ ಮೂಲಕ ಚರ್ಮಕ್ಕೆ ಇಳಿಯುತ್ತಿತ್ತು. ಮೂಗಿಗೆ ಟವೆಲ್ ಸುತ್ತುವವರು ಬೆನ್ನನ್ನು ಮರೆಯುತ್ತಾರೆ. ಟವೆಲ್ಲಾದರೂ ತುಂತುರು ಹೀರಿಕೊಂಡು ಮೂಗಿಗೇ ಒತ್ತಿಕೊಂಡಿರುತ್ತದೆ. ವಾಶರ್ ಬದಲಾಯಿತು. ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು, ಕನ್ನಡಕ, ಮಾಸ್ಕ್ ಬಂತು. ಗಾಳಿ ಬೆನ್ನ ಕಡೆಯಿಂದಲೋ ಮಗ್ಗುಲಿಂದಲೋ ಬರುವಂತೆ ಸಾಲು ಹಿಡಿದರು. ನಡುವೆ ನಾಜಲ್ ಕಟ್ಟಿತು. ಕಾಕಾ ರೂಢಿಯಂತೆ ಬಾಯಿಗೆ ಒಯ್ದರು. ಆಕೆ ಕೂಗುವಷ್ಟರಲ್ಲಿ ಕೈ ಅರ್ಧಕ್ಕೇ ನಿಂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ನೀರು ಬಿಟ್ಟರು.

ಕೆಲಸ ಮುಗಿದು ಕಾಕಾ ಸೋಪು ಹಚ್ಚಿ ಮೈ ತೊಳೆಯುವಾಗ ನಾವು ಪಂಪ್‌ಸೆಟ್ ಕೋಣೆಗೆ ಹೋದೆವು. ಉಳಿದ 90 ಮಿಲಿ ಇಡುವುದೆಲ್ಲಿ? ಇಷ್ಟು ದಿನ ಔಷಧವೆಲ್ಲ ಇರುತ್ತಿದ್ದುದು ಕಿಟಕಿಯಲ್ಲಿ, ಕೆಳಗೇ ಎಮ್ಮೆಯ ಹಿಂಡಿ ಚೀಲ. ಪಕ್ಕದಲ್ಲಿ ಒಂದು ಸಾರಾಯಿ ಕ್ವಾರ್ಟರ್ ಬಾಟಲಿ, ಅದರಲ್ಲಿ ಕಂದು ಬಣ್ಣದ ಏನೋ. ಯಾವುದೆಂದು ಯಾರಿಗೂ ನೆನಪಿಲ್ಲ. ಅದನ್ನು ಬಳಸುವಂತಿಲ್ಲ, ಚರಂಡಿಗೂ ಸುರಿಯುವಂತಿಲ್ಲ. ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವ ತನಕ ‘ವಿಷ’ ಎಂದು ಬರೆದು ಬೇರೆ ಇಟ್ಟರು. ಔಷಧ ಬಂದ ಬಾಟಲಿಯಲ್ಲೇ ಇರಬೇಕೆಂದು ಹಾಳೆ ಹೇಳುವುದು ಇದಕ್ಕೇ. ಬಾಯಾರಿದವರು ತಿಳಿಯದೆ ಕುಡಿಯಬಹುದೆಂಬುದು ಒಂದು. ಆಮೇಲೆ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದೇ ಯಾವ ಔಷಧ ಎಂದು. ಪ್ರೊಫೆನೋಫಾಸ್‌ನಂಥ ವಿಷವಾದರೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಇಮಿಡಾಕ್ಲೋಪ್ರಿಡ್‌ಗೆ ಅಂಥ ನಿಗದಿಯಾದ ಪ್ರತಿವಿಷವಿಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡಬೇಕು. ಲೇಬಲ್ಲೇ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಅವರಿಗೆ ಹಿಡಿಯಲು ತುದಿಯೇ ಸಿಗದು.

“ಯಾರಿಗರ ತಲಿ ತಿರುಗಿದ್ರ, ವಾಂತಿ ಬಂದ್ರ, ಅಂಗಿ ತೆಗೆದು ಮೈ ತೊಳಿಯೋದು, 108ಕ್ಕ ಫೋನ್ ಮಾಡೋದು, ಬಾಟ್ಲಿ ಜೋಡಿಗೆ ಒಯ್ಯೋದು. ತಾವಾಗೇ ವಾಂತಿ ಮಾಡಿಸಾಕ ಹೋಗಬ್ಯಾಡ್ರಿ,” ಎಂದು ಕಾಕಾಗೆ ಎರಡು ಸಲ ಹೇಳಿಸಿದರು.

ತಗಡಿನ ಪೆಟ್ಟಿಗೆಯೊಂದು ಗೋಡೆಯ ಎತ್ತರಕ್ಕೆ ಏರಿತು, ಬೀಗ ಬಿತ್ತು. ಬಾಟಲಿ ಖಾಲಿಯಾದ ದಿನ ಅದಕ್ಕೆ ಕಾಲು ಭಾಗ ನೀರು ಹಾಕಿ ಕುಲುಕಿ ಆ ನೀರನ್ನು ಪಂಪಿಗೇ ಸುರಿಯುವುದು, ಹೀಗೆ ಮೂರು ಸಲ. ಆಮೇಲೆ ತೂತು ಹೊಡೆಯುವುದು, ಎಣ್ಣೆ ತರಲು ಯಾರೂ ಒಯ್ಯದಂತೆ. ಬೆಂಡಿಯ ಬದುವಿಗೆ ಒಂದು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಕಾಯಿ ಬಿಡಿಸುವ ಹೆಣ್ಣಾಳುಗಳಿಗೆ ಓದು ಬಾರದಿದ್ದರೂ ಮೂರು ದಿನ ಕಾಯಿ ಬಿಡಿಸಬಾರದೆಂದು ತಿಳಿಯಲಿ ಅಂತ.

ಮೆಣಸಿನ ಸಾಲಿಗೆ ನಾಳೆ ನೀಲಿ ಅಂಟು ಹಾಳೆ ಕಟ್ಟಿ ಥ್ರಿಪ್ಸ್ ಎಷ್ಟು ಬೀಳುತ್ತವೆಂದು ನೋಡುತ್ತಾರಂತೆ. ಕಾಯುವ ದಿನ ಕಡಿಮೆಯಿರುವ ಬೇರೆ ಔಷಧವನ್ನೂ ಅಂಗಡಿಯಲ್ಲಿ ಕೇಳಬೇಕು. “ಈ ಸಲ ಹಾಳಿ ನಾನ ನೋಡಿ ತರ್ತೀನಿ,” ಎಂದರು ಆಕೆ. ಯಜಮಾನರು ಏನೂ ಹೇಳದೆ ಬಿಲ್ಲನ್ನು ಅವರ ಕೈಗೆ ಕೊಟ್ಟರು.