ರೂಟರ್ ದಾರಿ ತಪ್ಪಿಸಿದಾಗ

ಮನೆಯ ವೈ-ಫೈನಲ್ಲಿ ಒಂದು ತಾಣ ತೆರೆಯುವುದಿಲ್ಲ, ಅಥವಾ ಅದರ ಬದಲು ಯಾವುದೋ ಆ್ಯಪ್ ಇಳಿಸಿಕೊಳ್ಳಿ ಎನ್ನುವ ಪುಟ ಬರುತ್ತದೆ. ವೈ-ಫೈ ಆರಿಸಿ ಮೊಬೈಲ್ ಡೇಟಾ ಹಾಕಿದರೆ ಅದೇ ಫೋನಿನಲ್ಲಿ ಅದೇ ತಾಣ ಸರಿಯಾಗಿ ತೆರೆಯುತ್ತದೆ. ಮನೆಯ ಲ್ಯಾಪ್‌ಟಾಪ್, ಟಿವಿಗಳಲ್ಲೂ ಇದೇ ಕಥೆಯಾದರೆ ಫೋನಿಗೆ ವೈರಸ್ ಬಂದಿದೆಯೇ ಎಂದು ಹುಡುಕುವ ಮೊದಲು ರೂಟರನ್ನು ನೋಡಬೇಕು.

ನಾವು ಟೈಪ್ ಮಾಡುವ ಹೆಸರನ್ನು ಆ ತಾಣದ ಅಂಕಿ ವಿಳಾಸಕ್ಕೆ ಬದಲಾಯಿಸಿಕೊಡುವುದು ಡಿಎನ್‌ಎಸ್ ಸರ್ವರ್. ಯಾವ ಸರ್ವರನ್ನು ಕೇಳಬೇಕೆಂದು ಮನೆಯ ಸಾಧನಗಳಿಗೆಲ್ಲ ಸಾಮಾನ್ಯವಾಗಿ ರೂಟರೇ ಹೇಳಿಕೊಡುತ್ತದೆ. ಅಲ್ಲಿ ಯಾರಾದರೂ ತಮ್ಮ ಸರ್ವರಿನ ಸಂಖ್ಯೆ ಬರೆದಿಟ್ಟರೆ, ವಿಳಾಸ ಕೇಳಿದವರಿಗೆ ಬೇಕೆಂದೇ ಬೇರೆ ಮನೆ ತೋರಿಸಿದಂತೆ.

2020ರ ಮಾರ್ಚ್‌ನಲ್ಲಿ ಆದದ್ದು ಇದೇ. ಭದ್ರತಾ ಸಂಸ್ಥೆ ಬಿಟ್‌ಡಿಫೆಂಡರ್ ವರದಿ ಮಾಡಿದ ಆ ದಾಳಿಯಲ್ಲಿ ಸಿಕ್ಕಿಬಿದ್ದವು ಹೆಚ್ಚಾಗಿ ಲಿಂಕ್‌ಸಿಸ್ ರೂಟರ್‌ಗಳು. ಅವುಗಳ ಡಿಎನ್‌ಎಸ್ ಜಾಗದಲ್ಲಿ 109.234.35.230 ಮತ್ತು 94.103.82.249 ಎಂಬ ಎರಡು ಸಂಖ್ಯೆಗಳು ಬಂದು ಕೂತವು. ಮೋಸದ ಸರ್ವರ್‌ಗಳು ಎಲ್ಲ ತಾಣಗಳನ್ನೂ ತಿರುಗಿಸಲಿಲ್ಲ. disney.com, bit.ly ಮುಂತಾದ ಆಯ್ದ ಹೆಸರುಗಳಿಗೆ ಮಾತ್ರ ಸುಳ್ಳು ವಿಳಾಸ ಕೊಟ್ಟವು. ಅಲ್ಲಿಗೆ ಹೋದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಕೊರೊನಾ ಮಾಹಿತಿಯ ಆ್ಯಪ್ ಇಳಿಸಿಕೊಳ್ಳಿ ಎಂಬ ಸಂದೇಶ ಕಾಣುತ್ತಿತ್ತು. ಇಳಿಯುತ್ತಿದ್ದುದು ಪಾಸ್‌ವರ್ಡ್ ಕದಿಯುವ ತಂತ್ರಾಂಶ. ಮಿಕ್ಕ ತಾಣಗಳೆಲ್ಲ ಸರಿಯಾಗಿ ತೆರೆಯುತ್ತಿದ್ದುದರಿಂದ ರೂಟರ್ ಮೇಲೆ ಯಾರಿಗೂ ಸುಲಭವಾಗಿ ಅನುಮಾನ ಬರುವಂತಿರಲಿಲ್ಲ. ಹುಷಾರಿ ಕಳ್ಳರು!

ಮೋಸದ ಸರ್ವರನ್ನು ಯಾರಾದರೂ ಮುಚ್ಚಿಸಿಬಿಟ್ಟರೆ ತೊಂದರೆಯ ರೂಪ ಬದಲಾಗುತ್ತದೆ: ಕೇಳಿದ್ದಕ್ಕೆ ಉತ್ತರವೇ ಇಲ್ಲದೆ ಯಾವ ತಾಣವೂ ತೆರೆಯುವುದಿಲ್ಲ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶದ ಜಾಲವನ್ನು ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಹಿಡಿದಾಗ ಈ ಭಯವಿತ್ತು. ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ಅದು ತಗುಲಿತ್ತು. ಒಮ್ಮೆಲೇ ಅಷ್ಟು ಜನರ ಇಂಟರ್ನೆಟ್ ನಿಲ್ಲಬಾರದೆಂದು ನ್ಯಾಯಾಲಯದ ಅನುಮತಿ ಪಡೆದು, ಆ ಜಾಗದಲ್ಲಿ ಒಳ್ಳೆಯ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು.

ಪರೀಕ್ಷೆ ಕಷ್ಟವಲ್ಲ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್ ತೆರೆದು ಇವೆರಡನ್ನು ಒಂದಾದ ಮೇಲೊಂದು ಕೊಡಿ:

```
ipconfig /all
nslookup disney.com
```

ಮೊದಲನೆಯದರಲ್ಲಿ DNS Servers ಎಂಬ ಸಾಲು ನೋಡಿ. ಅಲ್ಲಿ ನಿಮಗೆ ಗುರುತಿಲ್ಲದ ಹೊರಗಿನ ಸಂಖ್ಯೆಯಿದ್ದರೆ ಸುಳಿವು ಸಿಕ್ಕಿತು. ಆದರೆ 192.168.1.1 ಎಂದು ರೂಟರಿನದೇ ವಿಳಾಸ ಕಂಡರೆ ಎಲ್ಲ ಸರಿಯಿದೆ ಎಂದುಕೊಳ್ಳಬಾರದು. ರೂಟರ್ ತಾನು ಯಾರನ್ನು ಕೇಳುತ್ತಿದೆ ಎಂಬುದು ಇಲ್ಲಿ ಕಾಣಿಸುವುದಿಲ್ಲ. ಎರಡನೆಯದರ ಉತ್ತರವನ್ನು `nslookup disney.com 8.8.8.8` ಕೊಡುವ ಉತ್ತರದೊಂದಿಗೆ ಹೋಲಿಸಬಹುದು. ಆದರೆ ದೊಡ್ಡ ತಾಣಗಳಿಗೆ ಹಲವು ವಿಳಾಸಗಳಿರುತ್ತವೆ, ಸಂಖ್ಯೆ ಬೇರೆಯಾದ ಮಾತ್ರಕ್ಕೆ ಮೋಸವೆಂದು ಹೇಳಲಾಗದು. ಬ್ರೌಸರ್ ಪ್ರಮಾಣಪತ್ರ ಸರಿಯಿಲ್ಲ ಎಂದು ಎಚ್ಚರಿಸಿದರೆ ಅದು ಇನ್ನೂ ಬಲವಾದ ಸೂಚನೆ. ಮುಂದುವರಿಯುವ ಬಟನ್ ಒತ್ತಲೇಬೇಡಿ.

ಆಮೇಲೆ ರೂಟರಿನ ಪುಟಕ್ಕೆ ಹೋಗಬೇಕು. ವಿಳಾಸ ಸಾಮಾನ್ಯವಾಗಿ ಅದರ ಅಡಿಯ ಚೀಟಿಯಲ್ಲಿರುತ್ತದೆ. ಡಿಎನ್‌ಎಸ್ ಸಂಖ್ಯೆಗಳು ಅಲ್ಲಿ ಎರಡು ಕಡೆ ಇರುತ್ತವೆ: ಒಂದು WAN ಅಥವಾ Internet ಪುಟದಲ್ಲಿ, ಇನ್ನೊಂದು LAN ಕೆಳಗಿನ DHCP ಪುಟದಲ್ಲಿ. ಒಂದನ್ನಷ್ಟೇ ಸರಿಪಡಿಸಿ ತೊಂದರೆ ಹೋಗಲಿಲ್ಲವೆಂದು ಕೈಚೆಲ್ಲುವವರು ಬಹಳ. WAN ಕಡೆ ಇಂಟರ್ನೆಟ್ ಕಂಪನಿಯಿಂದ ತಾನಾಗಿ ಪಡೆಯುವ ಆಯ್ಕೆ ಇಡಿ, ಅಥವಾ 1.1.1.1 ಮತ್ತು 8.8.8.8 ಬರೆಯಿರಿ. DHCP ಕಡೆಯದನ್ನು ಖಾಲಿ ಬಿಡಿ. ರೂಟರ್ ಖಾಲಿ ಒಪ್ಪದಿದ್ದರೆ ಅದರ ವಿಳಾಸವನ್ನೇ ಹಾಕಿ. ಸೇವ್ ಮಾಡಿ ರೂಟರನ್ನು ಮರುಪ್ರಾರಂಭಿಸಿದ ಮೇಲೆ ಕಂಪ್ಯೂಟರಿನಲ್ಲಿ `ipconfig /flushdns` ಕೊಟ್ಟು ಹಳೆಯ ಉತ್ತರಗಳನ್ನು ಅಳಿಸಿ, ಫೋನುಗಳ ವೈ-ಫೈ ಒಮ್ಮೆ ಆರಿಸಿ ಹಾಕಿ.

ಪುಟದ ಪಾಸ್‌ವರ್ಡ್ ಬದಲಾಗಿ ಒಳಗೆ ಹೋಗಲಾಗದಿದ್ದರೆ ಹಿಂಭಾಗದ ರೀಸೆಟ್ ಗುಂಡಿಯೇ ಗತಿ. ಆದರೆ ಆತುರ ಬೇಡ. ಫೈಬರ್ ಸಂಪರ್ಕಗಳಲ್ಲಿ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್, ಕೆಲವೆಡೆ ವಿಲ್ಯಾನ್ ಸಂಖ್ಯೆ ಕೂಡ ರೂಟರಿನಲ್ಲೇ ಉಳಿದಿರುತ್ತವೆ, ರೀಸೆಟ್ ಅವೆಲ್ಲವನ್ನೂ ಅಳಿಸುತ್ತದೆ. ಕಂಪನಿಯವರಿಂದ ಮೊದಲು ಬರೆದುಕೊಂಡು ಆಮೇಲೆ ಒತ್ತಿ.

ಇನ್ನು ಕಳ್ಳ ಬಂದ ಬಾಗಿಲು. ಬಹುತೇಕ ಅದು admin ಎಂಬ ಹಳೆಯ ಪಾಸ್‌ವರ್ಡ್, ಅಥವಾ ಹೊರಗಿನಿಂದ ರೂಟರ್ ನಿಭಾಯಿಸುವ Remote Management ಸೌಲಭ್ಯ. ಎರಡನ್ನೂ ಸರಿಪಡಿಸಿ ಫರ್ಮ್‌ವೇರ್ ಹೊಸದು ಹಾಕಿ. ದಾರಿ ತಪ್ಪಿದ್ದ ದಿನಗಳಲ್ಲಿ ಟೈಪ್ ಮಾಡಿದ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇಷ್ಟಾದರೂ ಕೆಲವು ದಿನಗಳಲ್ಲಿ ಅದೇ ಅಪರಿಚಿತ ಸಂಖ್ಯೆ ಮರಳಿದರೆ ತೂತು ಫರ್ಮ್‌ವೇರಿನಲ್ಲೇ ಇರಬಹುದು. ತಯಾರಕರು ಅದಕ್ಕೆ ತೇಪೆ ಕೊಡುವುದನ್ನು ನಿಲ್ಲಿಸಿದ್ದರೆ ಹೊಸ ರೂಟರ್ ಕೊಳ್ಳುವುದೇ ವಾಸಿ.